ಬಾಲ್ಕನಿಯ ಡಿಶ್ ನೋಡಿ ಅಕ್ಷಾಂಶ ಹೇಳುವ ಸೂತ್ರಗಳು

ಟಿವಿ ಕಾರ್ಯಕ್ರಮ ಕಳಿಸುವ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ ಸಾಲಾಗಿ ನಿಂತಿವೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅವೂ ಒಂದು ಸುತ್ತು ಹಾಕುತ್ತವೆ. ಹಾಗಾಗಿ ನಮ್ಮ ಕಣ್ಣಿಗೆ ಅವು ಆಕಾಶದ ಒಂದೇ ಜಾಗದಲ್ಲಿ ನಿಂತಂತೆ. ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಲೇಖನ ಬರೆದು ಜನಪ್ರಿಯಗೊಳಿಸಿದ ಕಕ್ಷೆ ಇದೇ. ಮನೆಯ ಡಿಶ್ ಅನ್ನು ಒಮ್ಮೆ ತಿರುಗಿಸಿ ಬೋಲ್ಟ್ ಬಿಗಿದರೆ ಮತ್ತೆ ಮುಟ್ಟಬೇಕಾಗಿಲ್ಲ ಎನ್ನುವುದು ಇದರಿಂದಲೇ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಯಾವ ದೇಶದ ಯಾವ ಬಾಲ್ಕನಿಯದೇ ಆಗಲಿ, ಡಿಶ್ ನೋಡುವುದು ಭೂಮಧ್ಯರೇಖೆಯ ಮೇಲಿನ ಆ ಸಾಲನ್ನೇ. ಅದು ಯಾವ ದಿಕ್ಕಿಗೆ, ಎಷ್ಟು ಮೇಲಕ್ಕೆ ನೋಡುತ್ತಿದೆ ಎಂಬ ಎರಡು ಸಂಗತಿ ಸಿಕ್ಕರೆ ಊರಿನ ಅಕ್ಷಾಂಶ ಲೆಕ್ಕಕ್ಕೆ ಸಿಗುತ್ತದೆ. ಉಪಗ್ರಹದ ಹೆಸರು ಕೂಡ ಬೇಕಿಲ್ಲ. ಬೀದಿಯ ಚಿತ್ರ ತೋರಿಸಿ ಊರು ಹೇಳು ಎನ್ನುವ ಜಿಯೋಗೆಸರ್ ಆಟ ಆಡುವವರಿಗೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ನಿಜಕ್ಕೂ ಹೇಳಿದ ಊರಿನದೇ ಎಂದು ಪರೀಕ್ಷಿಸುವವರಿಗೆ ಈ ಸೂತ್ರಗಳು ಕೈಗೆ ಬರುತ್ತವೆ.

1. ಅದು ಟಿವಿ ಡಿಶ್ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ

ಟಿವಿ ಡಿಶ್ ಎಂದರೆ ತಟ್ಟೆ, ಅದರ ಕೆಳಗಿನಿಂದ ಮುಂದಕ್ಕೆ ಚಾಚಿದ ಕೈ, ಕೈಯ ತುದಿಯಲ್ಲಿ ಸಂಕೇತ ಹಿಡಿಯುವ ಎಲ್‌ಎನ್‌ಬಿ. ಡೋಲಿನ ಆಕಾರದ್ದು, ನೆಲಕ್ಕೆ ಸಮನಾಗಿ ನೋಡುವುದು ಕಂಡರೆ ಅದು ಇನ್ನೊಂದು ಗೋಪುರದ ಜೊತೆ ಮಾತಾಡುವ ಮೈಕ್ರೋವೇವ್ ಆಂಟೆನಾ, ಬಿಟ್ಟುಬಿಡಿ.

ಹೊಸ ತೊಡಕು ಸ್ಟಾರ್‌ಲಿಂಕ್. ಅದರ ಉಪಗ್ರಹಗಳು ಕೆಳಗಿನ ಕಕ್ಷೆಯಲ್ಲಿ ಓಡುತ್ತಿರುತ್ತವೆ; ಭೂಮಧ್ಯರೇಖೆಯ ಸಾಲಿಗೆ ಅದರ ಫಲಕ ತಿರುಗಬೇಕಾಗಿಲ್ಲ. ಯುರೋಪ್, ಅಮೆರಿಕಗಳಲ್ಲಿ ಆ ಫಲಕ ಸಾಮಾನ್ಯವಾಗಿ ಉತ್ತರಕ್ಕೆ ವಾಲಿರುತ್ತದೆ. ಅದನ್ನು ಟಿವಿ ಡಿಶ್ ಎಂದುಕೊಂಡರೆ ಗೋಳವೇ ತಲೆಕೆಳಗಾಗುತ್ತದೆ. ಬಿಳಿ, ಚಪ್ಪಟೆ, ಮುಂದೆ ಕೈ ಇಲ್ಲ ಎಂದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

2. ಉತ್ತರ ಎಲ್ಲಿದೆ ಎಂಬುದನ್ನು ಡಿಶ್ ಬಿಟ್ಟು ಬೇರೆ ಸಾಕ್ಷಿಯಿಂದ ತಿಳಿಯಿರಿ

ಬೀದಿ ಚಿತ್ರದಲ್ಲಿ ದಿಕ್ಸೂಚಿ ಇದ್ದರೆ ಕೆಲಸ ಸಲೀಸು. ಬರೀ ಫೋಟೋ ಆದರೆ ನೆರಳೇ ಗತಿ. ಆದರೆ ನೆರಳನ್ನು ಎಲ್ಲ ಕಡೆಯೂ ಒಂದೇ ಥರ ನಂಬಬೇಡಿ. ಬರ್ಲಿನ್‌ನಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ಇರುತ್ತಾನೆ, ಜೊಹಾನ್ಸ್‌ಬರ್ಗ್‌ನಲ್ಲಿ ಉತ್ತರಕ್ಕೇ. ನಮ್ಮ ಬೆಂಗಳೂರು ಹಾಗಲ್ಲ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಮೇ ತಿಂಗಳ ಫೋಟೋ ಹಿಡಿದು, ಸೂರ್ಯ ಇರುವ ಕಡೆಯೇ ದಕ್ಷಿಣ ಎಂದುಕೊಂಡರೆ ಬೆಂಗಳೂರಿನ ಡಿಶ್ ದಕ್ಷಿಣಾರ್ಧಗೋಳದ್ದು ಎಂಬ ತೀರ್ಮಾನಕ್ಕೆ ಬರುತ್ತೀರಿ. ಉಷ್ಣವಲಯ ಇರಬಹುದು ಎನಿಸಿದರೆ ನೆರಳಿನ ಬದಲು ನಕ್ಷೆಯ ರಸ್ತೆ, ಕಟ್ಟಡದ ಜೋಡಣೆ ಇಂಥ ಬೇರೆ ಆಧಾರ ಹುಡುಕಿ.

ಫೋಟೋ ಎಡಬಲ ಅದಲುಬದಲಾಗಿದೆಯೇ ಎಂದೂ ಒಮ್ಮೆ ನೋಡಿ. ಅಂಗಡಿಯ ಬೋರ್ಡ್, ವಾಹನದ ನಂಬರ್ ಪ್ಲೇಟ್ ಓದಿದರೆ ಸಾಕು.

3. ಗೋಳಾರ್ಧಕ್ಕೆ ಒಂದೇ ಪ್ರಶ್ನೆ ಕೇಳಿ: ಪೂರ್ವ-ಪಶ್ಚಿಮ ಗೆರೆಯಿಂದ ಯಾವ ಕಡೆಗೆ?

ಉತ್ತರಾರ್ಧಗೋಳದಲ್ಲಿ ಡಿಶ್ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನೆಟ್ಟಗೆ ದಕ್ಷಿಣಕ್ಕೋ ಉತ್ತರಕ್ಕೋ ನೋಡುವ ಡಿಶ್ ಸಿಗುವುದು ಅಪರೂಪ. ಜೊಹಾನ್ಸ್‌ಬರ್ಗ್‌ನ ಬಾಲ್ಕನಿಗಳಲ್ಲಿ ಡಿಶ್ ಉತ್ತರದಿಂದ 63 ಡಿಗ್ರಿ ಪೂರ್ವಕ್ಕೆ ತಿರುಗಿರುತ್ತದೆ. ಅಲ್ಲಿನ ಡಿಎಸ್‌ಟಿವಿ ಬಳಸುವ ಉಪಗ್ರಹ 68.5 ಡಿಗ್ರಿ ಪೂರ್ವದಲ್ಲಿದೆ, ಹಿಂದೂ ಮಹಾಸಾಗರದ ಮೇಲೆ. ಅವಸರದಲ್ಲಿ ನೋಡಿದವರು ಇದನ್ನು ಪೂರ್ವದ ಡಿಶ್ ಎಂದು ಬದಿಗಿಡುತ್ತಾರೆ.

ನೀವು ಕೇಳಬೇಕಾದ್ದು ಇಷ್ಟೇ: ಡಿಶ್ ಪೂರ್ವ-ಪಶ್ಚಿಮ ಗೆರೆಯಿಂದ ಸ್ವಲ್ಪವಾದರೂ ಉತ್ತರಕ್ಕಿದೆಯೇ? ಇದ್ದರೆ ದಕ್ಷಿಣಾರ್ಧಗೋಳ. ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೇ ಇರುವುದರಿಂದ, ಆ ರೇಖೆಗೆ ಉತ್ತರದಲ್ಲಿರುವ ಯಾವ ಊರಿನಿಂದಲೂ ಅವು ದಕ್ಷಿಣದ ಅರ್ಧ ಆಕಾಶದಲ್ಲೇ ಕಾಣಬೇಕು. ಇದಕ್ಕೆ ವಿನಾಯಿತಿ ಇಲ್ಲ.

ತೊಂದರೆ ಬರುವುದು ಭೂಮಧ್ಯರೇಖೆಯ ಆಸುಪಾಸಿನಲ್ಲಿ. ಕ್ವಾಲಾಲಂಪುರ 3 ಡಿಗ್ರಿ ಉತ್ತರದಲ್ಲಿದೆ. ಮಲೇಷ್ಯಾದ ಆಸ್ಟ್ರೋ ಉಪಗ್ರಹ 91.5 ಡಿಗ್ರಿ ಪೂರ್ವದಲ್ಲಿ, ಅಂದರೆ ಆ ಊರಿಗೆ ಪಶ್ಚಿಮದಲ್ಲಿ. ಅಲ್ಲಿ ಡಿಶ್ ಹೆಚ್ಚುಕಡಿಮೆ ಪಶ್ಚಿಮಕ್ಕೇ ತಿರುಗಿ ನೆತ್ತಿಯ ಹತ್ತಿರಕ್ಕೆ ನೋಡುತ್ತದೆ. ಇಂಥ ಡಿಶ್ ಕಂಡರೆ ಗೋಳಾರ್ಧ ಹೇಳಲು ಹೋಗಬೇಡಿ, ಭೂಮಧ್ಯರೇಖೆಯ ಸಮೀಪ ಎಂದಷ್ಟೇ ಹೇಳಿ. ಅದೇನೂ ಸಣ್ಣ ಸುಳಿವಲ್ಲ.

4. ತಟ್ಟೆಯ ಮುಖ ತೋರಿಸುವ ಕೋನಕ್ಕೆ 24 ಸೇರಿಸಿ

ಹೊಸಬರು ಎಡವುವುದು ಇಲ್ಲೇ. ಲಂಡನ್ನಿನ ಡಿಶ್ ನೋಡಿದರೆ ಅದರ ಮುಖ ಗೋಡೆಗೆ ಸಮನಾಗಿ, ನೆಟ್ಟಗೆ ನಿಂತಂತೆ ಕಾಣುತ್ತದೆ. ದಿಗಂತವನ್ನು ನೋಡುತ್ತಿದೆ ಎನಿಸುತ್ತದೆ. ನಿಜದಲ್ಲಿ ಅದು ದಿಗಂತದಿಂದ ಸುಮಾರು 25 ಡಿಗ್ರಿ ಮೇಲಿನ ಉಪಗ್ರಹವನ್ನು ಹಿಡಿದಿದೆ.

ಕಾರಣ ತಟ್ಟೆಯ ರಚನೆಯಲ್ಲಿದೆ. ಮನೆಗಳ ಡಿಶ್ ಪೂರ್ತಿ ಬಟ್ಟಲಲ್ಲ, ದೊಡ್ಡದೊಂದು ಬಟ್ಟಲಿನ ಪಕ್ಕದಿಂದ ಕತ್ತರಿಸಿದ ತುಂಡು. ಇದಕ್ಕೆ ಆಫ್‌ಸೆಟ್ ಡಿಶ್ ಎನ್ನುತ್ತಾರೆ. ಮೇಲಿನಿಂದ ಬಂದ ಸಂಕೇತ ತಟ್ಟೆಗೆ ಬಡಿದು, ಕೆಳಗೆ ಚಾಚಿದ ಕೈಯ ತುದಿಯಲ್ಲಿರುವ ಎಲ್‌ಎನ್‌ಬಿಗೆ ಹೋಗಿ ಸೇರುತ್ತದೆ. ಹಾಗಾಗಿ ತಟ್ಟೆ ನೋಡುವ ದಿಕ್ಕಿಗಿಂತ ಉಪಗ್ರಹ ಮೇಲಿರುತ್ತದೆ. ಎಷ್ಟು ಮೇಲೆ ಎನ್ನುವುದು ತಯಾರಿಕೆಯನ್ನು ಅವಲಂಬಿಸಿದೆ; ಸಾಮಾನ್ಯವಾಗಿ 22ರಿಂದ 26 ಡಿಗ್ರಿ. ನಾನು 24 ಎಂದು ಹಿಡಿಯುತ್ತೇನೆ.

ಲೆಕ್ಕ ಹೀಗೆ: ತಟ್ಟೆಯ ಅಂಚು ಗೋಡೆಯ ನೆಟ್ಟನೆಯ ಗೆರೆಯಿಂದ ಹಿಂದಕ್ಕೆ ಎಷ್ಟು ಡಿಗ್ರಿ ವಾಲಿದೆ ನೋಡಿ, ಅದಕ್ಕೆ 24 ಸೇರಿಸಿ. ಸಿಗುವುದು ಉಪಗ್ರಹದ ಏರುಕೋನ. ತಟ್ಟೆ ಮುಂದಕ್ಕೆ ಬಗ್ಗಿ ನೆಲ ನೋಡುತ್ತಿದ್ದರೆ ಆ ವಾಲಿಕೆಯನ್ನು 24ರಿಂದ ಕಳೆಯಿರಿ. ನಾರ್ವೆಯ ಟ್ರೊಮ್ಸೋ 69 ಡಿಗ್ರಿ ಉತ್ತರವನ್ನು ದಾಟಿದ ಊರು. ಅಲ್ಲಿ ಉಪಗ್ರಹ ದಿಗಂತದಿಂದ ಹತ್ತು ಹನ್ನೊಂದು ಡಿಗ್ರಿಯಷ್ಟೇ ಮೇಲೆ ಇರುವುದರಿಂದ ತಟ್ಟೆಗಳು ಹದಿಮೂರು ಡಿಗ್ರಿಯಷ್ಟು ಮುಂದಕ್ಕೆ ಬಾಗಿರುತ್ತವೆ. ಯಾರೋ ತಪ್ಪಾಗಿ ಜೋಡಿಸಿದ್ದಾರೆ ಎನಿಸುವಂಥ ಡಿಶ್ ಬೀದಿಯುದ್ದಕ್ಕೂ ಕಂಡರೆ ನೀವು ಉತ್ತರ ಧ್ರುವದ ಕಡೆಗೆ ಬಹಳ ದೂರ ಬಂದಿದ್ದೀರಿ ಎಂದರ್ಥ.

ಎಲ್‌ಎನ್‌ಬಿ ತಟ್ಟೆಯ ನಟ್ಟನಡುವೆ ಮೂರ್ನಾಲ್ಕು ಕಡ್ಡಿಗಳ ಮೇಲೆ ನಿಂತಿದ್ದರೆ ಅದು ಹಳೆಯ ಮಾದರಿಯ ದೊಡ್ಡ ಡಿಶ್. ಅದಕ್ಕೆ ಏನನ್ನೂ ಸೇರಿಸಬಾರದು, ಮುಖ ನೋಡಿದ ಕಡೆಯೇ ಉಪಗ್ರಹ.

5. ಪಕ್ಕದಿಂದ ಕಾಣುವ ಡಿಶ್ ಅನ್ನೇ ಆರಿಸಿ

ಎದುರಿನಿಂದ ಕಂಡ ತಟ್ಟೆಯ ವಾಲಿಕೆಯನ್ನು ಅಳೆಯಲಾಗದು. ರಸ್ತೆಯಲ್ಲಿ ನಿಂತು ನಾಲ್ಕನೇ ಮಹಡಿಯ ಡಿಶ್ ಫೋಟೋ ತೆಗೆದರೆ ಅದು ಇದ್ದದ್ದಕ್ಕಿಂತ ಹೆಚ್ಚು ಮೇಲಕ್ಕೋ ಕೆಳಕ್ಕೋ ತಿರುಗಿದಂತೆ ತೋರುತ್ತದೆ. ಅಂಚು ಒಂದೇ ಗೆರೆಯಾಗಿ ಕಾಣುವಷ್ಟು ಪಕ್ಕದಿಂದ ಸಿಗುವ ಡಿಶ್ ಹುಡುಕಿ. ದೂರದ್ದಾದರೆ ಇನ್ನೂ ಒಳ್ಳೆಯದು. ಕಟ್ಟಡದ ಮೂಲೆಯ ಗೆರೆಯನ್ನು ನೆಟ್ಟನೆಯದು ಎಂದಿಟ್ಟುಕೊಂಡು ತೆರೆಯ ಮೇಲೆ ಶಾಲೆಯ ಕೋನಮಾಪಕ ಹಿಡಿದರೂ ಸಾಕು.

ಹೀಗೆ ಪಕ್ಕದಿಂದ ನೋಡುವುದರಲ್ಲಿ ಇನ್ನೊಂದು ಲಾಭ. ಅಂಚು ಗೆರೆಯಾಗಿ ಕಂಡಾಗ ನಿಮ್ಮ ದೃಷ್ಟಿಗೂ ಡಿಶ್ ನೋಡುವ ದಿಕ್ಕಿಗೂ ನಡುವೆ ಸರಿಯಾಗಿ 90 ಡಿಗ್ರಿ ಇರುತ್ತದೆ. ದಿಕ್ಸೂಚಿಯಲ್ಲಿ ನಿಮ್ಮ ದೃಷ್ಟಿಯ ದಿಕ್ಕು ಓದಿ, ಡಿಶ್ ಬಲಕ್ಕೆ ನೋಡುತ್ತಿದ್ದರೆ 90 ಕೂಡಿ, ಎಡಕ್ಕಾದರೆ 90 ಕಳೆಯಿರಿ. ಏರುಕೋನ, ದಿಕ್ಕು ಎರಡೂ ಒಂದೇ ಚಿತ್ರದಲ್ಲಿ ಬಂದವು.

ಒಂದೇ ಡಿಶ್ ಮೇಲೆ ತೀರ್ಪು ಕೊಡಬೇಡಿ. ಗಾಳಿಗೆ ತಿರುಗಿದ್ದು, ಚಂದಾ ನಿಲ್ಲಿಸಿ ಬಿಟ್ಟಿದ್ದು, ಬಟ್ಟೆ ಒಣಗಿಸಲು ಪಕ್ಕಕ್ಕೆ ತಳ್ಳಿದ್ದು ಎಲ್ಲ ಊರಿನಲ್ಲೂ ಇರುತ್ತವೆ. ಒಂದೇ ಕಡೆ ನೋಡುವ ಮೂರು ನಾಲ್ಕು ಸಿಕ್ಕರೆ ಅವುಗಳನ್ನು ನಂಬಿ.

6. ಲೆಕ್ಕ ಮಾಡಿ, ಎರಡೇ ಹೆಜ್ಜೆ

ಏರುಕೋನ E ಎನ್ನೋಣ. ಡಿಶ್ ದಿಕ್ಕು ನೇರ ದಕ್ಷಿಣದಿಂದ (ದಕ್ಷಿಣಾರ್ಧಗೋಳವಾದರೆ ನೇರ ಉತ್ತರದಿಂದ) ಎಷ್ಟು ಡಿಗ್ರಿ ಪಕ್ಕಕ್ಕಿದೆಯೋ ಅದು A. ಉಪಗ್ರಹದ ನೇರ ಕೆಳಗಿನ ಜಾಗ ನಮ್ಮಿಂದ ಭೂಗೋಳದ ಮೇಲೆ ಎಷ್ಟು ಡಿಗ್ರಿ ದೂರವಿದೆಯೋ ಅದು d. ಬೇಕಾದ ಅಕ್ಷಾಂಶ L.

```
d = (90 - E) / 1.15
tan L = tan d × cos A
```

ಮೊದಲ ಸಾಲು ಅಂದಾಜಿನದು. ನಿಖರ ಸೂತ್ರ ಉದ್ದದ್ದು, ಆದರೆ ದಿಗಂತಕ್ಕೆ ತೀರಾ ಹತ್ತಿರದ ಉಪಗ್ರಹಗಳನ್ನು ಬಿಟ್ಟರೆ ಇವೆರಡಕ್ಕೂ ಒಂದು ಡಿಗ್ರಿಯಷ್ಟೂ ವ್ಯತ್ಯಾಸ ಬರುವುದಿಲ್ಲ. ಡಿಶ್ ನೇರ ದಕ್ಷಿಣಕ್ಕೇ ಇದ್ದರೆ ಎರಡನೇ ಸಾಲು ಬೇಕಿಲ್ಲ, d ಎನ್ನುವುದೇ ಅಕ್ಷಾಂಶ. ಏರುಕೋನ 55 ಆದರೆ ಅಕ್ಷಾಂಶ 30. 44 ಆದರೆ 40. 33 ಆದರೆ 50.

ಬೆಂಗಳೂರಿನ ಒಂದು ಬಾಲ್ಕನಿಯಲ್ಲಿ ಇದನ್ನು ಮಾಡಿ ನೋಡೋಣ. ಒಂದೇ ಕಂಬಿಗೆ ಎರಡು ಡಿಶ್ ಬಿಗಿದಿವೆ, ಟಾಟಾ ಪ್ಲೇಯದೊಂದು, ಏರ್‌ಟೆಲ್‌ನದೊಂದು. ಎರಡೂ ಬೇರೆ ಬೇರೆ ಕಡೆ ನೋಡುತ್ತಿವೆ. ಮೊದಲನೆಯದು ಮಲಗಿದಂತಿದೆ, ಅಂಚು ಗೋಡೆಯಿಂದ 50 ಡಿಗ್ರಿ ಹಿಂದಕ್ಕೆ ವಾಲಿದೆ, ದಕ್ಷಿಣದಿಂದ 23 ಡಿಗ್ರಿ ಪೂರ್ವಕ್ಕೆ ತಿರುಗಿದೆ. ಎರಡನೆಯದು ಎದ್ದು ಕೂತಂತಿದೆ, ವಾಲಿಕೆ 28 ಡಿಗ್ರಿ, ದಿಕ್ಕು ದಕ್ಷಿಣದಿಂದ 69 ಡಿಗ್ರಿ ಪೂರ್ವಕ್ಕೆ. ಹೊರಗಿನವರು ಈ ಎರಡನ್ನೂ ಬಿಡಿಬಿಡಿಯಾಗಿ ಕಂಡರೆ ಒಂದೇ ಮನೆಯವು ಎಂದು ನಂಬಲಾರರು.

ಮೊದಲ ಡಿಶ್: 50ಕ್ಕೆ 24 ಕೂಡಿಸಿದರೆ ಏರುಕೋನ 74. ತೊಂಬತ್ತರಿಂದ ಕಳೆದರೆ 16, ಅದನ್ನು 1.15ರಿಂದ ಭಾಗಿಸಿದರೆ d ಸುಮಾರು 13.9. ಅದರ ಟ್ಯಾನ್ 0.247, 23ರ ಕಾಸ್ 0.92. ಗುಣಿಸಿದರೆ 0.228, ಅಂದರೆ ಅಕ್ಷಾಂಶ 12.8.

ಎರಡನೇ ಡಿಶ್: ಏರುಕೋನ 52. d ಸುಮಾರು 33. ಅದರ ಟ್ಯಾನ್ 0.65, 69ರ ಕಾಸ್ 0.358. ಗುಣಿಸಿದರೆ 0.233, ಅಕ್ಷಾಂಶ 13.1.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ವಾಲಿಕೆ ಬೇರೆ, ದಿಕ್ಕು ಬೇರೆ, ಉಪಗ್ರಹ ಬೇರೆ. ಬಂದ ಅಕ್ಷಾಂಶ ಮಾತ್ರ ಒಂದೇ. ಟಾಟಾ ಪ್ಲೇ ಉಪಗ್ರಹಗಳು 83 ಡಿಗ್ರಿ ಪೂರ್ವದಲ್ಲಿ, ಹೆಚ್ಚುಕಡಿಮೆ ನಮ್ಮ ನೆತ್ತಿಯ ಕಡೆ, ಏರ್‌ಟೆಲ್‌ನದು 108.2 ಡಿಗ್ರಿ ಪೂರ್ವದಲ್ಲಿ, ಇಂಡೋನೇಷ್ಯಾದ ಕಡೆ. ಡಿಶ್ ಹೆಚ್ಚು ಮೇಲಕ್ಕೆ ನೋಡಿದಷ್ಟೂ ಊರು ಭೂಮಧ್ಯರೇಖೆಗೆ ಹತ್ತಿರ ಎನ್ನುವ ಸರಳ ನಿಯಮ ಏಕೆ ಸಾಲದು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆ ನಿಯಮ ಮಾತ್ರ ಹಿಡಿದವರು ಏರ್‌ಟೆಲ್ ಡಿಶ್ ನೋಡಿ 33 ಡಿಗ್ರಿ ಅಂದರೆ ಕಾಶ್ಮೀರದ ಹತ್ತಿರ ಎನ್ನುತ್ತಿದ್ದರು. ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಊರು ದಕ್ಷಿಣಕ್ಕೆ ಇಳಿದು ತನ್ನ ಜಾಗಕ್ಕೆ ಬರುತ್ತದೆ.

7. ರೇಖಾಂಶಕ್ಕೆ ಡಿಶ್ ಒಂದೇ ಸಾಲದು, ಪಟ್ಟಿ ಜೊತೆಗಿರಲಿ

ಬರ್ಲಿನ್‌ನ ಅಪಾರ್ಟ್‌ಮೆಂಟ್ ಒಂದರ ಬಾಲ್ಕನಿಯಲ್ಲಿ ಟರ್ಕಿ ಮೂಲದ ಕುಟುಂಬದ ಡಿಶ್ ಇದೆ. ಅದು ತವರಿನ ವಾಹಿನಿಗಳಿಗಾಗಿ ಟರ್ಕ್‌ಸ್ಯಾಟ್ ನೋಡುತ್ತಿದೆ: ದಕ್ಷಿಣದಿಂದ ಸುಮಾರು 35 ಡಿಗ್ರಿ ಪೂರ್ವಕ್ಕೆ, ಏರುಕೋನ ಸುಮಾರು 25. ಲಂಡನ್ನಿನ ಬಾಲ್ಕನಿಯಲ್ಲಿ ಸ್ಕೈ ಕಂಪನಿಯ ಡಿಶ್ ಇದೆ. ಅದೂ ದಕ್ಷಿಣದಿಂದ ಸುಮಾರು 35 ಡಿಗ್ರಿ ಪೂರ್ವಕ್ಕೆ, ಏರುಕೋನ ಸುಮಾರು 25. ಒಂಬೈನೂರು ಕಿಲೋಮೀಟರ್ ದೂರದ ಎರಡು ಊರು, ಡಿಶ್ ನಿಂತ ಭಂಗಿ ಒಂದೇ.

ಲೆಕ್ಕ ಹಾಕಿದರೆ ಎರಡಕ್ಕೂ ಅಕ್ಷಾಂಶ 51ರ ಮೇಲೆ ಬರುತ್ತದೆ. ಸರಿಯೇ ಇದೆ, ಲಂಡನ್ 51.5, ಬರ್ಲಿನ್ 52.5. ಆದರೆ ಪೂರ್ವ ಪಶ್ಚಿಮದ ವಿಚಾರದಲ್ಲಿ ಡಿಶ್ ಹೇಳುವುದು ಉಪಗ್ರಹ ನಮ್ಮಿಂದ ಎಷ್ಟು ಪಕ್ಕಕ್ಕಿದೆ ಎಂದಷ್ಟೇ. A ಕೋನದ ಟ್ಯಾನ್ ಅನ್ನು L ಕೋನದ ಸೈನ್‌ನಿಂದ ಗುಣಿಸಿ, ಬಂದ ಸಂಖ್ಯೆ ಯಾವ ಕೋನದ ಟ್ಯಾನ್ ಎಂದು ನೋಡಿದರೆ ಅದು ಸಿಗುತ್ತದೆ. ಇಲ್ಲಿ ಸುಮಾರು 28.5 ಡಿಗ್ರಿ. ಇನ್ನು ಯುರೋಪಿನ ಹೆಸರಾದ ಉಪಗ್ರಹಗಳ ಪಟ್ಟಿ ತೆಗೆದು ಒಂದೊಂದರಿಂದಲೂ 28.5 ಕಳೆಯಿರಿ. ಬ್ರಿಟನ್ ಬಳಸುವ ಆಸ್ಟ್ರಾ 28.2 ಪೂರ್ವದಲ್ಲಿದೆ: ಕಳೆದರೆ ಸೊನ್ನೆಯ ಹತ್ತಿರ, ಲಂಡನ್. ಟರ್ಕ್‌ಸ್ಯಾಟ್ 42ರಲ್ಲಿದೆ: ಕಳೆದರೆ 13.5, ಬರ್ಲಿನ್. ಇಟಲಿ, ಪೋಲೆಂಡ್‌ಗಳಲ್ಲಿ ಹೆಚ್ಚು ನೋಡುವ ಹಾಟ್ ಬರ್ಡ್ 13ರಲ್ಲಿದೆ: ಕಳೆದರೆ ಪಶ್ಚಿಮಕ್ಕೆ 15.5, ಅಲ್ಲಿ ಅಟ್ಲಾಂಟಿಕ್ ಸಮುದ್ರವೇ ಹೊರತು ಬಾಲ್ಕನಿ ಇಲ್ಲ. ಉಳಿದದ್ದು ಎರಡು.

ಅವೆರಡರಲ್ಲಿ ಯಾವುದು ಎನ್ನಲು ತಟ್ಟೆಯನ್ನೇ ಹತ್ತಿರದಿಂದ ನೋಡಿ. ಸ್ಕೈ ಡಿಶ್ ಕಡುಬೂದು ಬಣ್ಣದ್ದು, ಮೈತುಂಬ ಸಣ್ಣ ತೂತುಗಳು, ಎತ್ತರಕ್ಕಿಂತ ಅಗಲ ಹೆಚ್ಚು. ಪಕ್ಕದ ಬಾಲ್ಕನಿಗಳನ್ನೂ ನೋಡಿ. ಬರ್ಲಿನ್‌ನಲ್ಲಾದರೆ ಜರ್ಮನ್ ವಾಹಿನಿಗಳಿಗಾಗಿ 19.2 ಪೂರ್ವದ ಆಸ್ಟ್ರಾ ಕಡೆಗೆ, ಅಂದರೆ ದಕ್ಷಿಣದಿಂದ ಏಳೇ ಡಿಗ್ರಿ ಪೂರ್ವಕ್ಕೆ ತಿರುಗಿದ ಡಿಶ್‌ಗಳೂ ಅದೇ ಗೋಡೆಯಲ್ಲಿ ಇರುತ್ತವೆ. ಒಂದೇ ಕಟ್ಟಡದಲ್ಲಿ ಇಪ್ಪತ್ತೇಳೆಂಟು ಡಿಗ್ರಿ ಅಂತರದಲ್ಲಿ ಎರಡು ಗುಂಪು ಕಂಡರೆ ಜರ್ಮನಿಯ ಕಡೆಗೆ ವಾಲಬಹುದು. ಬಾಡಿಗೆ ಮನೆಯಲ್ಲಿ ಡಿಶ್ ಹಾಕುವ ಬಗ್ಗೆ ಅಲ್ಲಿ ಮಾಲೀಕರಿಗೂ ಬಾಡಿಗೆದಾರರಿಗೂ ಕೋರ್ಟಿನಲ್ಲಿ ಜಗಳಗಳೇ ನಡೆದಿವೆ. 1994ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ, ಟರ್ಕಿಯ ಬಾಡಿಗೆದಾರನೊಬ್ಬನ ಪ್ರಕರಣದಲ್ಲಿ, ತನ್ನ ದೇಶದ ಸುದ್ದಿ ಪಡೆಯುವ ಹಕ್ಕನ್ನೂ ತೂಗಿ ನೋಡಬೇಕು ಎಂದು ಹೇಳಿತು. ಆ ಬಾಲ್ಕನಿಗಳಲ್ಲಿ ಎರಡು ದಿಕ್ಕಿನ ಡಿಶ್ ಉಳಿದುಕೊಂಡಿರುವುದರ ಹಿಂದೆ ಇಂಥ ಕಥೆಯೂ ಇದೆ.

8. ಖಾಲಿ ಬಾಲ್ಕನಿಗಳನ್ನೂ ಎಣಿಸಿ

ಡಿಶ್ ತೀರಾ ಚಿಕ್ಕದಾಗಿ ಕಂಡು ಕೋನ ಅಳೆಯಲಾಗದಿದ್ದರೆ ಕಟ್ಟಡದ ನಾಲ್ಕೂ ಬದಿ ನೋಡಿ. ಎತ್ತರದ ಅಕ್ಷಾಂಶಗಳಲ್ಲಿ ಉಪಗ್ರಹ ತಗ್ಗಿನಲ್ಲಿರುವುದರಿಂದ, ಅದಕ್ಕೆ ಬೆನ್ನು ಹಾಕಿದ ಬಾಲ್ಕನಿಯಲ್ಲಿ ಡಿಶ್ ಇಟ್ಟರೆ ಕಟ್ಟಡವೇ ಅಡ್ಡ. ಒಂದು ಬದಿ ಡಿಶ್‌ಗಳಿಂದ ತುಂಬಿ, ಎದುರು ಬದಿ ಬೋಳಾಗಿದ್ದರೆ ತುಂಬಿದ ಬದಿ ಭೂಮಧ್ಯರೇಖೆಯ ಕಡೆಗಿದೆ. ಭೂಮಧ್ಯರೇಖೆಯ ಹತ್ತಿರದ ಊರುಗಳಲ್ಲಿ ಸಂಕೇತ ಮೇಲಿನಿಂದ ಇಳಿಯುತ್ತದೆ. ಅಲ್ಲಿ ಗೋಡೆಗಿಂತ ಮೇಲಿನ ಮಹಡಿಯ ಬಾಲ್ಕನಿಯ ಚಪ್ಪಡಿಯೇ ಅಡ್ಡ ಬರುತ್ತದೆ. ಡಿಶ್‌ಗಳು ಕಂಬಿಯಾಚೆಗೆ ಉದ್ದ ಕೈ ಚಾಚಿಕೊಂಡಿರುತ್ತವೆ, ಇಲ್ಲವೇ ತಾರಸಿಗೆ ಹೋಗಿರುತ್ತವೆ.

9. ಉತ್ತರವನ್ನು ಪಟ್ಟಿಯಾಗಿ ಹೇಳಿ, ಚುಕ್ಕೆಯಾಗಿ ಅಲ್ಲ

ಫೋಟೋದಲ್ಲಿ ವಾಲಿಕೆ ಅಳೆಯುವಾಗ ಐದು ಡಿಗ್ರಿ ಆಚೀಚೆ ಆಗುವುದು ಸಹಜ. ಐದು ಡಿಗ್ರಿ ತಪ್ಪಿದರೆ ಅಕ್ಷಾಂಶ ನಾಲ್ಕೂವರೆ ಡಿಗ್ರಿಯವರೆಗೆ ಸರಿಯುತ್ತದೆ. ಒಂದು ಡಿಗ್ರಿಗೆ 111 ಕಿಲೋಮೀಟರ್ ಲೆಕ್ಕದಲ್ಲಿ ಸುಮಾರು 500 ಕಿಲೋಮೀಟರ್. ಡಿಶ್ ಬಹಳ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದ್ದರೆ ದಿಕ್ಕಿನ ತಪ್ಪೂ ಸೇರಿಕೊಳ್ಳುತ್ತದೆ. ಬೆಂಗಳೂರಿನ ಏರ್‌ಟೆಲ್ ಡಿಶ್‌ನ ದಿಕ್ಕನ್ನು 69ರ ಬದಲು 64 ಎಂದು ಓದಿದರೆ ಅಕ್ಷಾಂಶ 16 ಆಗಿ ರಾಯಚೂರಿನ ಹತ್ತಿರ ಬಂದು ನಿಲ್ಲುತ್ತದೆ. ಅದೇ ಟಾಟಾ ಪ್ಲೇ ಡಿಶ್‌ನಲ್ಲಿ ಐದು ಡಿಗ್ರಿ ದಿಕ್ಕು ತಪ್ಪಿದರೂ ಕದಲುವುದು ಅರ್ಧ ಡಿಗ್ರಿಯ ಆಸುಪಾಸಷ್ಟೇ. ಆಯ್ಕೆ ಇದ್ದಾಗ ದಕ್ಷಿಣಕ್ಕೋ ಉತ್ತರಕ್ಕೋ ಹತ್ತಿರ ತಿರುಗಿದ ಡಿಶ್ ಹಿಡಿಯಿರಿ.

ಜೊಹಾನ್ಸ್‌ಬರ್ಗ್‌ನ ಡಿಶ್‌ಗೆ ಏರುಕೋನ 36, ದಿಕ್ಕು ಉತ್ತರದಿಂದ 63. d ಸುಮಾರು 47, ಅಕ್ಷಾಂಶ 26 ದಕ್ಷಿಣ, ಉಪಗ್ರಹ ಅಲ್ಲಿಂದ 40.6 ಡಿಗ್ರಿ ಪೂರ್ವಕ್ಕೆ. 68.5ರಿಂದ ಅದನ್ನು ಕಳೆದರೆ 27.9, ಊರಿನ ನಿಜವಾದ ರೇಖಾಂಶ 28. ಕೋನಗಳು ಇಷ್ಟು ಕರಾರುವಾಕ್ಕಾಗಿ ಸಿಕ್ಕಾಗ ಮಾತ್ರ ಊರಿನ ಹೆಸರು ಹೇಳಿ. ಫೋಟೋದಿಂದ ಅಳೆದದ್ದಾದರೆ 22ರಿಂದ 30 ಡಿಗ್ರಿ ದಕ್ಷಿಣ ಎಂದು ಬರೆದುಕೊಂಡು, ಆ ಪಟ್ಟಿಯೊಳಗೆ ನಂಬರ್ ಪ್ಲೇಟ್, ರಸ್ತೆ ಗುರುತು, ಗಿಡಮರ ಹುಡುಕಲು ಶುರುಮಾಡಿ.